‘ಆರಾಮ್ರಿ’ ಎಂದ ಮೇಲೆ ಇನ್ನೊಂದು ಮಾತು



ಉಗಾರ ಬುದ್ರುಕ ಕೃಷ್ಣಾ ತೀರದ ಕಬ್ಬಿನ ಸೀಮೆಯ ಊರು. ಪಕ್ಕದ ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆಯೂ ರೈಲು ನಿಲ್ದಾಣವೂ ಇವೆ. ಹೊಳೆ ದಾಟಿದರೆ ಕುಡಚಿ. ಕನ್ನಡ, ಮರಾಠಿ ಎರಡೂ ಮನೆಮಾತಿನಂತೆ ಓಡಾಡುವ ಈ ಭಾಗದಲ್ಲಿ ಇಬ್ಬರು ಎದುರಾದರೆ ಮೊದಲು ‘ಶರಣ್ರೀ’ ಎನ್ನುತ್ತಾರೆ, ಅದರ ಹಿಂದೆಯೇ ‘ಎಲ್ಲಾ ಆರಾಮ್ರಿ?’ ಎಂದು ಕೇಳುತ್ತಾರೆ. ‘ಆರಾಮ್ರಿ, ನೀವು?’ ಎಂಬ ಉತ್ತರ ಬರುತ್ತದೆ. ‘ನಾವೂ ಆರಾಮ್ರಿ’ ಎನ್ನುವಷ್ಟರಲ್ಲಿ ಇಬ್ಬರೂ ಎರಡು ಹೆಜ್ಜೆ ಮುಂದೆ ಹೋಗಿರುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಬಸ್ಸಿಗೆ ಓಡುವವನನ್ನು ನಿಲ್ಲಿಸಿ ಮೊಣಕಾಲ ನೋವನ್ನು ವಿವರಿಸುವುದು ಯಾರಿಗೂ ಬೇಕಾಗಿಲ್ಲ. ಆದರೆ ಇದೇ ನಾಲ್ಕು ಮಾತು ತಾಯಿ ಮಗಳ ನಡುವೆ, ಅಣ್ಣ ತಮ್ಮಂದಿರ ನಡುವೆ, ಒಂದೇ ಸೂರಿನ ಕೆಳಗಿನ ಅತ್ತೆ ಸೊಸೆಯರ ನಡುವೆ ವರ್ಷಗಟ್ಟಲೆ ನಡೆದು, ಅಲ್ಲಿಗೇ ಮುಗಿಯುತ್ತಿದ್ದರೆ ಏನಾಗುತ್ತದೆ? ಈ ತಿಂಗಳು ಇದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ನಮಗೆ ಅನಿಸಿದ್ದು, ಆ ಊರಿನ ಹಿರಿಯ ತಾಯಿಯೊಬ್ಬರು ನಮ್ಮೊಡನೆ ಹಂಚಿಕೊಂಡ ಸಂಗತಿಯಿಂದ. ಹೆಸರು ಹಾಕಬಾರದೆಂಬ ಕರಾರಿನ ಮೇಲೆ ಅವರೂ ಅವರ ಮಗಳೂ ಬರೆಯಲು ಒಪ್ಪಿದ್ದಾರೆ.

ಮೊದಲು ‘ಆರಾಮ’ ಎಂಬ ಶಬ್ದವನ್ನೇ ಸ್ವಲ್ಪ ನೋಡೋಣ. ನಮ್ಮ ಉತ್ತರ ಕರ್ನಾಟಕದಲ್ಲಿ ‘ಆರಾಮಿಲ್ಲ’ ಎಂದರೆ ಕಾಯಿಲೆ ಎಂದೇ ಅರ್ಥ. ‘ಅಪ್ಪಾರಿಗೆ ಆರಾಮಿಲ್ಲ’ ಎಂದು ಸುದ್ದಿ ಬಂದರೆ ಬೀಗರು ಹಣ್ಣು ಹಿಡಿದುಕೊಂಡು ನೋಡಲು ಬರುತ್ತಾರೆ. ಆದ್ದರಿಂದ ಮೈ ಸರಿಯಾಗಿದ್ದು ಮನಸ್ಸಿಗೆ ಮಾತ್ರ ಏನೋ ಕೊರೆಯುತ್ತಿರುವವರು ‘ಆರಾಮಿಲ್ಲ’ ಎನ್ನುವಂತಿಲ್ಲ. ಹಾಗೆಂದರೆ ಮನೆಯವರು ಗಾಬರಿಯಾಗುತ್ತಾರೆ, ಹಣೆ ಮುಟ್ಟಿ ನೋಡುತ್ತಾರೆ. ಜ್ವರವಿಲ್ಲ, ಕೆಮ್ಮಿಲ್ಲ, ಎರಡು ಹೊತ್ತು ಊಟವೂ ಸೇರುತ್ತದೆ. ಹೀಗಾಗಿ ಉಳಿಯುವ ಉತ್ತರ ‘ಆರಾಮ’ ಒಂದೇ. ಹಾಗೆ ಹೇಳುವವರು ಸುಳ್ಳು ಹೇಳಬೇಕೆಂದು ಹೇಳುವುದಿಲ್ಲ. ಕೇಳಿದ ಪ್ರಶ್ನೆಗೆ ಎರಡೇ ಉತ್ತರಗಳಿರುವುದರಿಂದ, ಅವುಗಳಲ್ಲಿ ಯಾರಿಗೂ ತೊಂದರೆಯಾಗದ್ದನ್ನು ಆರಿಸಿಕೊಳ್ಳುತ್ತಾರೆ.

ಈಗ ಆ ತಾಯಿಯ ಸಂಗತಿ.

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ ಉಕ್ಕಿದ್ದು ಆ ಭಾಗದವರಿಗೆ ಮರೆಯುವ ಮಾತಲ್ಲ. ಮೇಲಿನ ಘಟ್ಟದಲ್ಲಿ ಮಳೆ ಎಡೆಬಿಡದೆ ಸುರಿದು, ಮಹಾರಾಷ್ಟ್ರದ ಜಲಾಶಯಗಳಿಂದ ನೀರು ಇಳಿದು, ನದೀತೀರದ ಹಳ್ಳಿಗಳು ಮುಳುಗಿದವು. ಈ ತಾಯಿಯ ಮನೆಗೂ ರಾತ್ರಿಯ ಹೊತ್ತಿನಲ್ಲಿ ನೀರು ಬಂತು. ಮಗ, ಸೊಸೆ, ಮೊಮ್ಮಗ, ಎರಡು ಆಕಳು ಎತ್ತರದ ಜಾಗ ಸೇರಿದರು. ನೀರು ಇಳಿದ ಮೇಲೆ ತಿರುಗಿ ಬಂದು ನೋಡಿದರೆ ಪಡಸಾಲೆಯಲ್ಲಿ ಮೊಣಕಾಲುದ್ದ ರಾಡಿ, ಚೀಲದಲ್ಲಿದ್ದ ಜೋಳ ಮೊಳೆತು ನಾರುತ್ತಿತ್ತು. ಬಂದ ಬೀಗರು, ನೆಂಟರು ಎಲ್ಲರೂ ಒಂದೇ ಮಾತು ಹೇಳಿದರು: ‘ಜೀವ ಉಳದ್ವಲ್ಲ, ಅದ ದೊಡ್ಡದು.’ ತಾಯಿಯೂ ‘ಹೌದ್ರಿ’ ಎಂದರು.

ವಿಜಯಪುರದಲ್ಲಿರುವ ಮಗಳು ಪ್ರತಿ ಸೋಮವಾರ ಸಂಜೆ ಫೋನು ಮಾಡುತ್ತಿದ್ದಳು. ‘ಅವ್ವಾ, ಆರಾಮ ಅದೀಯಿಲ್ಲ?’ ‘ಆರಾಮ ಅದೀನಿ ನನ್ನವ್ವಾ. ನೀವೆಲ್ಲಾ?’ ‘ನಾವೂ ಆರಾಮ.’ ಆಮೇಲೆ ಕಬ್ಬಿನ ಬಿಲ್ಲು ಬಂತೇ, ಸೊಸೆಯ ತವರಿನಲ್ಲಿ ಲಗ್ನ ಯಾವಾಗ, ಇಷ್ಟು ಮಾತು. ಐದು ನಿಮಿಷ. ಎರಡು ವರ್ಷ ಹೀಗೆಯೇ ನಡೆಯಿತು.

ಆ ಎರಡು ವರ್ಷದಲ್ಲಿ ತಾಯಿಗೆ ಏನಾಗುತ್ತಿತ್ತೆಂಬುದು ಯಾರಿಗೂ ಗೊತ್ತಿರಲಿಲ್ಲ. ಮೃಗಶಿರ ಮಳೆ ಹಿಡಿದ ದಿನದಿಂದ ಅವರಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಹಂಚಿನ ಮೇಲೆ ಹನಿ ಬಿದ್ದ ಸಪ್ಪಳಕ್ಕೆ ಎದ್ದು, ಬ್ಯಾಟರಿ ಹಿಡಿದು, ಹಿತ್ತಲ ಬಾಗಿಲು ತೆಗೆದು, ನೆಲದ ಮೇಲೆ ಬೆಳಕು ಬಿಟ್ಟು ನೋಡುತ್ತಿದ್ದರು. ನೀರಿಲ್ಲ. ಮಲಗುತ್ತಿದ್ದರು. ಮತ್ತೆ ಎದ್ದು ನೋಡುತ್ತಿದ್ದರು. ಸೊಸೆಗೆ ಬಾಗಿಲ ಸಪ್ಪಳ ಕೇಳುತ್ತಿತ್ತು. ಸಕ್ಕರೆ ಕಾಯಿಲೆಯವರು, ರಾತ್ರಿ ಏಳುತ್ತಾರೆ ಎಂದುಕೊಂಡಿದ್ದಳು. ಬೆಳಿಗ್ಗೆ ‘ಅತ್ತಿ, ನಿದ್ದಿ ಆತ್ರ್ಯಾ?’ ಎಂದರೆ ‘ಆತವ್ವಾ’ ಎನ್ನುವ ಉತ್ತರ. ‘ನಿತ್ಯ ಲಿಂಗಪೂಜೆಗೆ ಕುಂತಾಗ ಅಂಗೈ ಮ್ಯಾಗಿನ ಲಿಂಗಪ್ಪಗ ಎಲ್ಲಾ ಹೇಳತಿದ್ನಿ. ಮಂದಿ ಮುಂದ ಮಾತ್ರ ಬಾಯಿ ಬರತಿರಲಿಲ್ಲ’ ಎಂದು ಆ ತಾಯಿ ನಮಗೆ ಹೇಳಿದರು.

2021ರ ಜೂನ್ ತಿಂಗಳ ಒಂದು ಸೋಮವಾರ ಮಗಳು ಎಂದಿನಂತೆ ಕೇಳಿದಾಗ, ಯಾವ ಗಳಿಗೆಯೋ ಏನೋ, ತಾಯಿ ಒಂದು ಮಾತು ಹೆಚ್ಚು ಹೇಳಿದರು: ‘ಆರಾಮ ಅದೀನಿ. ಆದರ ರಾತ್ರಿ ಮಳಿ ಸಪ್ಪಳಾದ್ರ ನಿದ್ದಿ ಬರೂದಿಲ್ಲ ನೋಡು.’

ಮಗಳಿಗೆ ತಾಯಿಯ ಮೇಲೆ ಪ್ರೀತಿ ಕಡಿಮೆಯೆಂದು ಯಾರೂ ಹೇಳಲಾರರು. ಆದರೆ ಅವಳು ತಟ್ಟನೆ ಹೇಳಿದ್ದು ಹೀಗೆ: ‘ಹಗಲೊತ್ತು ಮಲಗಬ್ಯಾಡ ಅವ್ವಾ. ನಾಳೆ ಡಾಕ್ಟರಿಗೆ ತೋರಸು, ಗುಳಿಗಿ ಬರದ ಕೊಡ್ತಾರ.’ ತಾಯಿ ‘ಆತು ಬಿಡವ್ವಾ’ ಎಂದರು. ಮಾತು ಕಬ್ಬಿಗೆ ಹೋಯಿತು. ಮುಂದಿನ ಸೋಮವಾರ ಕೇಳಿದಾಗ ಉತ್ತರ ಮತ್ತೆ ಬರೀ ‘ಆರಾಮ’.

ಇಲ್ಲಿ ನಮ್ಮ ಓದುಗರು ಸ್ವಲ್ಪ ನಿಲ್ಲಬೇಕು. ಗುಳಿಗೆಯ ಮಾತು ಕೆಟ್ಟ ಮಾತಲ್ಲ. ಆದರೆ ಅದು ಬಾಗಿಲನ್ನು ಮುಚ್ಚಿತು. ಒಬ್ಬರು ತಮ್ಮ ಮಾತಿಗೆ ಒಂದು ಅಂಗುಲ ಜಾಗ ಕೇಳಿದಾಗ ನಾವು ಕೂಡಲೇ ಉಪಾಯ ಹೇಳಿದರೆ, ‘ನಿಮ್ಮ ಸಮಸ್ಯೆ ಮುಗಿಯಿತು, ಇನ್ನು ಮುಂದಿನ ವಿಷಯ’ ಎಂದಂತಾಗುತ್ತದೆ. ಹೀಗಾಯಿತೆಂದು ತಿಳಿಯುವುದು ಹೇಗೆ? ‘ಆತು ಬಿಡು’, ‘ಇರಲಿ ಬಿಡ್ರಿ’, ‘ಅದೇನ ದೊಡ್ಡದಲ್ಲ’ ಎಂಬ ಮಾತುಗಳಿಂದ. ಹೇಳಹೊರಟವರು ಬಾಗಿಲು ಎಳೆದುಕೊಳ್ಳುವಾಗ ಆಗುವ ಸಪ್ಪಳ ಅದು. ಈ ಮಗಳ ಪುಣ್ಯ, ಅವಳಿಗೆ ಆ ‘ಆತು ಬಿಡು’ ವಾರವಿಡೀ ಕಿವಿಯಲ್ಲಿ ಉಳಿಯಿತು. ತಾಯಿ ‘ಆರಾಮ’ ಎಂದೊಡನೆ ಅವಳು ಬೇರೆಯದನ್ನು ಕೇಳಿದಳು: ‘ಹೋದ ವಾರ ಮಳಿ ಅಂದಿ. ರಾತ್ರಿ ಎದ್ದ ಮ್ಯಾಗ ಏನ ಮಾಡ್ತಿ ಅವ್ವಾ?’

ಈ ಪ್ರಶ್ನೆಯಲ್ಲಿ ಉಪದೇಶವಿರಲಿಲ್ಲ, ಸಮಾಧಾನವಿರಲಿಲ್ಲ. ತಾಯಿ ಬ್ಯಾಟರಿಯ ವಿಷಯ ಹೇಳಿದರು, ಹಿತ್ತಲ ಬಾಗಿಲಿನ ವಿಷಯ ಹೇಳಿದರು. ಮಗಳು ಸುಮ್ಮನಿದ್ದಳು. ಆಮೇಲೆ, ಎರಡು ವರ್ಷದಿಂದ ಯಾರ ಮುಂದೆಯೂ ಆಡದಿದ್ದ ಮಾತು ಬಂತು. ಆ ರಾತ್ರಿ ಆಕಳುಗಳ ಹಗ್ಗ ಬಿಚ್ಚಿದ್ದು ಅವರೇ. ಹಿತ್ತಲಲ್ಲಿ ಗೂಟಕ್ಕೆ ಕಟ್ಟಿದ್ದ ಕರುವನ್ನು ಬಿಚ್ಚಲು ಮರೆತಿದ್ದರು. ನೆನಪಾಗಿ ತಿರುಗುವ ಹೊತ್ತಿಗೆ ಮಗ ಕೈಹಿಡಿದು ಎಳೆದುಕೊಂಡು ಹೋಗಿದ್ದ. ‘ಜೀವ ಉಳದ್ವಲ್ಲ ಅಂತ ಎಲ್ಲಾರೂ ಅಂದ್ರು. ಒಂದ ಜೀವ ಉಳೀಲಿಲ್ಲ, ನಾ ಮರತಿದ್ದಕ್ಕ ಹೋತು. ಮನಶ್ಯಾರು ಹೋದ ಊರಾಗ ಕರಾ ಹೋತಂತ ಅತ್ರ ಮಂದಿ ಏನಂದಾರು?’ ಆ ದಿನ ಫೋನು ನಲವತ್ತು ನಿಮಿಷ ನಡೆಯಿತು.

ಗಮನಿಸಿರಿ: ನಿದ್ದೆಯ ಮಾತು ನಿದ್ದೆಯದ್ದಾಗಿರಲಿಲ್ಲ, ಮಳೆಯ ಮಾತು ಮಳೆಯದ್ದೂ ಆಗಿರಲಿಲ್ಲ. ಒಳಗಿನ ದೊಡ್ಡ ಮಾತನ್ನು ಯಾರೂ ಮೊದಲಿಗೆ ಹೊರಗೆ ಇಡುವುದಿಲ್ಲ. ಅದರ ಪಕ್ಕದಲ್ಲಿರುವ ಚಿಕ್ಕ ಮಾತೊಂದನ್ನು ಇಟ್ಟು, ಕೇಳುವವರು ಅದನ್ನು ಹೇಗೆ ಎತ್ತಿಕೊಳ್ಳುತ್ತಾರೆಂದು ನೋಡುತ್ತಾರೆ.

ಮಾತುಕತೆಯನ್ನೇ ಅಧ್ಯಯನ ಮಾಡುವ ಪಂಡಿತರೂ ಇದನ್ನು ಕಂಡಿದ್ದಾರೆ. ಗೇಲ್ ಜೆಫರ್ಸನ್ ಎಂಬ ಅಮೆರಿಕದ ವಿದುಷಿ ಜನರ ನಿತ್ಯದ ಮಾತುಗಳ ಧ್ವನಿಮುದ್ರಣಗಳನ್ನು ಅಕ್ಷರ ಅಕ್ಷರವಾಗಿ ಬರೆದುಕೊಂಡು ಪರಿಶೀಲಿಸಿ, 1980ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ‘ಹೇಗಿದ್ದೀರಿ’ ಎಂದಾಗ ಪೂರ್ತಿ ಚೆನ್ನಾಗಿದ್ದೇನೆ ಎನ್ನದೆ, ಪೂರ್ತಿ ಕೆಟ್ಟಿದೆ ಎಂದೂ ಎನ್ನದೆ, ಅಳತೆ ಸ್ವಲ್ಪ ಕಡಿಮೆ ಮಾಡಿದ ಒಂದು ನಡುವಣ ಉತ್ತರ ಕೊಡುವವರುಂಟು. ಆ ಉತ್ತರದ ಹಿಂದೆ ಬಹಳ ಸಲ ಒಂದು ತೊಂದರೆಯ ಸುದ್ದಿ ಕಾದಿರುತ್ತದೆ ಎಂಬುದು ಅವರು ಕಂಡ ಸಂಗತಿ. ಇದನ್ನು ತಿಳಿಯಲು ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ‘ಅದೀವಿ ನೋಡ್ರಿ’, ‘ಹಂಗ ನಡದೈತ್ರಿ’, ‘ಏನೋ ಶಿವಾ ನಡಸ್ಯಾನ’ ಎಂಬ ನಮ್ಮ ಮಾತುಗಳೂ ಇದೇ ಜಾತಿಯವು. ಅವನ್ನು ಕೇಳಿದಾಗ ನಾವು ನಕ್ಕು ಮುಂದೆ ಹೋಗುತ್ತೇವೆ. ಆಪ್ತರ ಬಾಯಿಂದ ಬಂದಾಗಲಾದರೂ ಒಂದು ಗಳಿಗೆ ನಿಂತು, ‘ಹಂಗಂದ್ರ?’ ಎಂದು ಕೇಳಬೇಕು.

ನಮ್ಮ ಪರಂಪರೆಯಲ್ಲಿ ಕೇಳುವವರ ಧರ್ಮವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಹೇಳಿದೆ. ಮನೆಗೆ ಬಂದವರ ಹದುಳವನ್ನು, ಎಂದರೆ ಕ್ಷೇಮವನ್ನು, ವಿಚಾರಿಸದವರನ್ನು ಬಸವಣ್ಣನವರು ಒಂದು ವಚನದಲ್ಲಿ ತೀಕ್ಷ್ಣವಾಗಿ ತರಾಟೆಗೆ ತೆಗೆದುಕೊಂಡಿದ್ದಾರೆ. ಆದರೆ ಉತ್ತರಿಸುವವರಿಗೂ ಒಂದು ಧರ್ಮವುಂಟು. ಅದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಹದಿನೈದನೆಯ ಶತಮಾನದಲ್ಲಿ ಮೊದಲು ಸಂಕಲನಗೊಂಡ ಶೂನ್ಯಸಂಪಾದನೆಯನ್ನು ತೆರೆದರೆ, ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದ ಪ್ರಸಂಗ ಸಿಗುತ್ತದೆ. ಅಲ್ಲಮಪ್ರಭುಗಳು ಆಕೆಯನ್ನು ನಿನ್ನ ಪತಿ ಯಾರು ಎಂದು ಕೇಳುತ್ತಾರೆ. ಹೊಸಬಳಾದ ಹೆಣ್ಣುಮಗಳನ್ನು ಯಾವ ಊರಿನಲ್ಲಾದರೂ ಕೇಳುವ ಪ್ರಶ್ನೆ ಅದು. ಒಂದು ಹೆಸರು ಹೇಳಿ ಮುಗಿಸಬಹುದಾಗಿತ್ತು. ಅಕ್ಕ ಹಾಗೆ ಮುಗಿಸಲಿಲ್ಲ. ತನ್ನ ಅಂತರಂಗದಲ್ಲಿದ್ದುದನ್ನೇ ಹೇಳಿದಳು. ಅದರಿಂದ ಮರುಪ್ರಶ್ನೆ ಹುಟ್ಟಿತು, ಮರುಪ್ರಶ್ನೆಯಿಂದ ಇನ್ನೊಂದು ಉತ್ತರ ಹುಟ್ಟಿತು. ಅನುಭವ ಮಂಟಪದ ಆ ಸಂವಾದ ಬೆಳೆದದ್ದು ಪ್ರಶ್ನೆಯಿಂದ ಎಷ್ಟೋ, ಆ ಉತ್ತರದಿಂದಲೂ ಅಷ್ಟೇ.

ಹಾಗಾದರೆ ನಾವು ಸಾಮಾನ್ಯ ಸಂಸಾರಿಗಳು ಏನು ಮಾಡಬೇಕು? ಆ ತಾಯಿ ತಿಳಿಯದೆಯೇ ಮಾಡಿದ್ದನ್ನು ತಿಳಿದು ಮಾಡಿದರೆ ಸಾಕು. ಅವರು ‘ಆರಾಮ’ ಎಂಬ ಮಾತನ್ನು ಬಿಡಲಿಲ್ಲ. ಅದನ್ನು ಹೇಳಿಯೇ ಅದರ ಮುಂದೆ ಒಂದು ವಾಕ್ಯ ಸೇರಿಸಿದರು. ಇದರಿಂದ ಕೇಳಿದವರಿಗೆ ಗಾಬರಿಯಾಗುವುದಿಲ್ಲ. ಜ್ವರವಿಲ್ಲವೆಂದು ಗೊತ್ತಾಗುತ್ತದೆ, ಆದರೆ ಹೇಳುವುದು ಇನ್ನೂ ಇದೆ ಎಂದೂ ಗೊತ್ತಾಗುತ್ತದೆ. ಆ ವಾಕ್ಯ ‘ಮನಸ್ಸಿಗೆ ಸಮಾಧಾನ ಇಲ್ಲ’ ಎಂಬಂತಹ ಅಗಲವಾದ ಮಾತಾಗಬಾರದು. ಅಗಲವಾದ ಮಾತಿಗೆ ಅಗಲವಾದ ಉತ್ತರವೇ ಬರುತ್ತದೆ: ‘ಎಲ್ಲಾರ ಮನಿಯಾಗ ಅಷ್ಟ, ಶಿವನ ಮ್ಯಾಲೆ ಭಾರ ಹಾಕು.’ ರಾತ್ರಿ, ಮಳೆ, ನಿದ್ದೆ: ಇವು ಕೈಗೆ ಸಿಗುವ ವಸ್ತುಗಳು, ಅವುಗಳನ್ನು ಹಿಡಿದು ‘ಯಾವಾಗಿಂದ?’, ‘ಆಮ್ಯಾಲ?’ ಎಂದು ಕೇಳಬಹುದು. ವಾಕ್ಯ ಒಂದೇ ಇರಬೇಕೆಂಬುದಕ್ಕೂ ಕಾರಣವಿದೆ. ಹತ್ತು ವಾಕ್ಯ ಒಟ್ಟಿಗೆ ಹೇಳಿದರೆ ಕೇಳುವವರಿಗೆ ಒಪ್ಪಿಕೊಳ್ಳುವ ಅಥವಾ ಬಿಡುವ ಅವಕಾಶವಿರುವುದಿಲ್ಲ; ಒಂದೇ ಹೇಳಿ ನಿಂತರೆ, ಇವತ್ತು ಹೊತ್ತಿಲ್ಲದವರು ಮುಜುಗರವಿಲ್ಲದೆ ಮುಂದೆ ಹೋಗಬಹುದು. ಉತ್ತರವಾಗಿ ಗುಳಿಗೆ ಬಂದರೆ ‘ಆತು ಬಿಡು’ ಎನ್ನುವ ಬದಲು ‘ಔಷಧ ಆಮ್ಯಾಲ ನೋಡೂನು, ಈಗ ಇಷ್ಟ ಕೇಳು’ ಎಂದು ಹೇಳಬಹುದು. ಮತ್ತು ಕೊನೆಗೆ ‘ನಿಂದು ಹೇಳು’ ಎಂದು ಪ್ರಶ್ನೆಯನ್ನು ತಿರುಗಿ ಕೊಡಬೇಕು, ಈ ಸಲ ‘ಆರಾಮ’ ಎಂಬ ಉತ್ತರಕ್ಕೆ ಒಪ್ಪದೆ. ಆ ತಾಯಿ ಹಾಗೆ ಕೇಳಿದ ಸೋಮವಾರ, ಮಗಳು ತನ್ನ ಮಗನ ಓದಿನ ಚಿಂತೆಯನ್ನು ಮೊದಲ ಬಾರಿಗೆ ಹೇಳಿಕೊಂಡಳಂತೆ.

ಸೇರಿಸುವ ವಾಕ್ಯ ದುಃಖದ್ದೇ ಆಗಬೇಕೆಂದಿಲ್ಲ. ‘ಆರಾಮ್ರಿ, ನಿನ್ನಿ ಮೊಮ್ಮಗಳು ಪೇಪರ್ ಓದಿ ತೋರಿಸಿದಳು’ ಎಂಬುದೂ ನಿಜವಾದ ಉತ್ತರವೇ. ಸಂತೋಷವನ್ನೂ ನಾವು ‘ಆರಾಮ’ದ ಒಳಗೆ ಮುಚ್ಚಿಡುತ್ತೇವೆ, ದೃಷ್ಟಿ ತಾಗೀತೆಂದು.

ಇನ್ನು ಮಿತಿಗಳ ಮಾತು. ಯಾರು ಏನನ್ನು ಯಾರಿಗೆ ಮೊದಲು ಹೇಳಬೇಕೆಂಬ ಒಂದು ಕ್ರಮವಿದೆ. ಹಾರ್ವೆ ಸ್ಯಾಕ್ಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1975ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಇದನ್ನೇ ಚರ್ಚಿಸಿದ್ದಾರೆ. ಕ್ಷೇಮ ವಿಚಾರಿಸುವವರು ಬಹಳ ಮಂದಿ, ಆದರೆ ಕಷ್ಟ ಕೇಳಿಸಿಕೊಳ್ಳುವ ಸಲುಗೆಯುಳ್ಳವರು ಕೆಲವರು ಮಾತ್ರ. ಆದ್ದರಿಂದ ಎಲ್ಲರೂ ಕೆಲವರಿಗೆ ‘ಚೆನ್ನಾಗಿದ್ದೇನೆ’ ಎಂದು ಸುಳ್ಳು ಹೇಳಲೇಬೇಕಾಗುತ್ತದೆ ಎಂಬುದು ಅವರ ವಾದ. ಇದು ಒಪ್ಪಬೇಕಾದ ಮಾತು. ಚಹಾದ ಅಂಗಡಿಯಲ್ಲಿ, ಲಗ್ನದ ಹಂದರದಲ್ಲಿ, ನಾಲ್ಕು ಜನರ ಮುಂದೆ ‘ಆರಾಮ್ರಿ’ ಎಂದು ನಿಲ್ಲಿಸುವುದು ಸುಳ್ಳಲ್ಲ, ಮರ್ಯಾದೆ. ಎರಡನೆಯದಾಗಿ, ನಮ್ಮ ಮಾತನ್ನು ಮಾತ್ರ ನಾವು ಹೇಳಬೇಕು. ‘ಹೇಗಿದ್ದೀರಿ’ ಎಂದವರಿಗೆ ಮಗನ ಸಾಲವನ್ನೋ ಸೊಸೆಯ ಬಸಿರಿನ ಚಿಂತೆಯನ್ನೋ ಬಿಚ್ಚಿಟ್ಟರೆ ಅದು ಆತ್ಮೀಯತೆಯಲ್ಲ, ಇನ್ನೊಬ್ಬರ ಗುಟ್ಟನ್ನು ಖರ್ಚು ಮಾಡಿದಂತೆ. ಈ ಮಗಳು ಅದನ್ನು ಅರಿತಿದ್ದಳು. ಕರುವಿನ ಸಂಗತಿಯನ್ನು ಅಣ್ಣನಿಗೆ ಹೇಳಲೇ ಎಂದು ತಾಯಿಯನ್ನು ಕೇಳಿ, ಒಪ್ಪಿಗೆ ಪಡೆದ ಮೇಲೆಯೇ ಹೇಳಿದಳು.

ಮೂರನೆಯದು ಬಹಳ ಮುಖ್ಯ. ‘ಸಾಕಾಗೈತಿ ಜೀವನ’, ‘ನಾ ಇಲ್ಲಂದ್ರ ನಿಮಗ ಚೊಲೋ’ ಎಂಬ ಮಾತು ಉತ್ತರವಾಗಿ ಬಂದರೆ, ಅದನ್ನು ಬೇಸರದ ಮಾತೆಂದು ತಳ್ಳಿಹಾಕಬಾರದು. ಅಂಥವರನ್ನು ಒಂಟಿಯಾಗಿ ಬಿಡಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಬೇಕು. ಹಾಗೆ ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ವೈದ್ಯರ ಬಳಿಗೆ ಜೊತೆಯಲ್ಲೇ ಹೋಗಬೇಕು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗಲಾದರೂ ಶುಲ್ಕವಿಲ್ಲದೆ ಮಾತನಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.

ಉಗಾರ ಬುದ್ರುಕದ ಆ ಮನೆಯಲ್ಲಿ ಮುಂದೆ ಏನಾಯಿತೆಂದು ಹೇಳಿ ಮುಗಿಸುತ್ತೇವೆ. ಕರುವಿನ ಸಂಗತಿ ಕೇಳಿ ಮಗ ಬಹಳ ಹೊತ್ತು ಸುಮ್ಮನೆ ಕುಳಿತಿದ್ದನಂತೆ. ಕೈಹಿಡಿದು ಎಳೆದವನು ತಾನು, ತಾಯಿ ತಿರುಗಿ ನೋಡಿದ್ದು ಯಾವುದಕ್ಕೆಂದು ಅವನಿಗೆ ಅಂದೇ ತಿಳಿದದ್ದು. ಮರುದಿನ ಅವನು ದನದ ಗೂಟಗಳನ್ನು ಹಿತ್ತಲಿನಿಂದ ಕಿತ್ತು ಮುಂದಿನ ಅಂಗಳದಲ್ಲಿ ನೆಟ್ಟ. ಒಂದೇ ಎಳೆತಕ್ಕೆ ಬಿಚ್ಚುವಂತೆ ಹಗ್ಗಕ್ಕೆ ಕುಣಿಕೆ ಹಾಕಿದ. ಕುಡಚಿಯ ಸೇತುವೆಯ ಹತ್ತಿರ ನೀರು ಎಲ್ಲಿಯವರೆಗೆ ಬಂದಿದೆಯೆಂದು ದಿನವೂ ಸಂಜೆ ಅಜ್ಜಿಗೆ ಹೇಳುವ ಕೆಲಸವನ್ನು ಮೊಮ್ಮಗ ವಹಿಸಿಕೊಂಡ. ಆ ವರ್ಷದ ಜುಲೈನಲ್ಲಿ ಕೃಷ್ಣೆ ಮತ್ತೆ ಏರಿದಳು. ಈ ಬಾರಿ ಅವರು ಕತ್ತಲಾಗುವ ತನಕ ಕಾಯಲಿಲ್ಲ, ಹಗಲಿನಲ್ಲಿಯೇ ಹೊರಟರು. ಹೊಸ ಕರುವಿನ ಹಗ್ಗವನ್ನು ತಾಯಿ ತಮ್ಮ ಕೈಯಲ್ಲಿಯೇ ಹಿಡಿದಿದ್ದರು.

ಅವರಿಗೆ ಈಗ ನಿದ್ದೆ ಬರುತ್ತದೆಯೇ? ಮಳೆಗಾಲದಲ್ಲಿ ಈಗಲೂ ಎಚ್ಚರವಾಗುತ್ತದೆ. ಎದ್ದು ಬ್ಯಾಟರಿ ಹುಡುಕುವಷ್ಟರಲ್ಲಿ ಸೊಸೆಯೂ ಎದ್ದು ಬರುತ್ತಾಳೆ. ಇಬ್ಬರೂ ಹಿತ್ತಲ ಬಾಗಿಲು ತೆಗೆದು ನೋಡುತ್ತಾರೆ. ‘ನೀರ ಬಂದಿಲ್ರಿ ಅತ್ತಿ, ಬರ್ರಿ ಮಲಗೂನು’ ಎನ್ನುತ್ತಾಳೆ ಸೊಸೆ. ಒಮ್ಮೆ ನೋಡಿ ಬಂದ ಮೇಲೆ ಎರಡನೆಯ ಸಲ ಏಳುವುದು ಬಹಳ ದಿನಗಳಿಂದ ನಿಂತಿದೆ.

ನಾವು ಹೊರಡುವಾಗ ಬಾಗಿಲವರೆಗೆ ಬಂದ ಆ ತಾಯಿ ನಮ್ಮನ್ನು ‘ನೀವು ಆರಾಮ್ರಿ?’ ಎಂದು ಕೇಳಿದರು. ‘ಆರಾಮ್ರಿ’ ಎಂದೆವು. ಅವರು ಬಾಗಿಲ ಚೌಕಟ್ಟಿಗೆ ಕೈಕೊಟ್ಟು ನಿಂತೇ ಇದ್ದರು. ನಮ್ಮ ಬಾಯಿಂದ ಇನ್ನೊಂದು ಮಾತು ಬಂತು. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಉಗಾರದ ಸಂಜೆಯ ಬಸ್ಸು ಹೋಗಿಬಿಟ್ಟಿತ್ತು.